ಅಂಗಡಿ ಹೆಸರು ಮುಂದೆಯೋ ಹಿಂದೆಯೋ, ನಡುವಿನ ಗೆರೆ ಯಾವುದು?

ಪ್ರಶ್ನೆ: ಸರ್, ಇಳಕಲ್ಲಿನಲ್ಲಿ ನಮ್ಮದು ಸೀರೆ ಅಂಗಡಿ, ಮಾವನವರ ಕಾಲದ್ದು. ಎರಡು ವರ್ಷದ ಹಿಂದೆ ವರ್ಡ್‌ಪ್ರೆಸ್, ವೂಕಾಮರ್ಸ್‌ನಲ್ಲಿ ವೆಬ್‌ಸೈಟ್ ಮಾಡಿಸಿದೆವು. ಸುಮಾರು 140 ಸೀರೆ ಹಾಕಿದ್ದೇವೆ. ಗೂಗಲ್‌ನಲ್ಲಿ ಎಲ್ಲ ಪುಟಗಳೂ ಅಂಗಡಿ ಹೆಸರಿನಿಂದಲೇ ಶುರುವಾಗುತ್ತವೆ. ಸೀರೆ ಹೆಸರು ಬರುವಷ್ಟರಲ್ಲಿ ಮೂರು ಚುಕ್ಕಿ. ಕೆಲವು ಕಡೆ ನಾವು ಹಾಕಿದ್ದನ್ನು ಬಿಟ್ಟು ಗೂಗಲ್ ತನ್ನದೇ ಏನೋ ತೋರಿಸುತ್ತದೆ. ಕೆಲವು ಕಡೆ ಅಂಗಡಿ ಹೆಸರು ಎರಡು ಸಲ ಬಂದಿದೆ. ಒಂದು ಪುಟದಲ್ಲಿ ನಿಂತ ಗೆರೆ, ಇನ್ನೊಂದರಲ್ಲಿ ಅಡ್ಡ ಗೆರೆ. ನಿಂತ ಗೆರೆ ಹಾಕಿದರೆ ರ‍್ಯಾಂಕ್ ಜಾಸ್ತಿ ಅಂತ ನನ್ನ ಮೈದುನ ಹೇಳುತ್ತಾನೆ. ವೆಬ್‌ಸೈಟ್ ಮಾಡಿಕೊಟ್ಟವರು ಏನಾದರೂ ಮುಟ್ಟಿದರೆ ಈಗಿರುವ ಜಾಗವೂ ಹೋಗುತ್ತದೆ ಅನ್ನುತ್ತಾರೆ. ಏನು ಮಾಡಲಿ? ದಯವಿಟ್ಟು ಅಂಗಡಿ ಹೆಸರು ಹಾಕಬೇಡಿ.

ಉತ್ತರ: ಹೆಸರು ಹಾಕುವುದಿಲ್ಲ. ಈ ಬರಹದ ಮಟ್ಟಿಗೆ ನಿಮ್ಮ ಅಂಗಡಿಯನ್ನು 'ಕಖಗ ಸಾರೀಸ್' ಅನ್ನೋಣ.

ಮೊದಲು ಗೆರೆಯ ವಿಷಯ ಮುಗಿಸಿಬಿಡೋಣ, ಏಕೆಂದರೆ ಅದು ಚಿಕ್ಕದು. ನಿಂತ ಗೆರೆ ಹಾಕಿದರೂ ಅಡ್ಡ ಗೆರೆ ಹಾಕಿದರೂ ರ‍್ಯಾಂಕ್ ಅದರಿಂದ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಅಂಗಡಿ ಹೆಸರನ್ನು ಉಳಿದ ಮಾತಿನಿಂದ ಬೇರೆ ಮಾಡಲು ಹೈಫನ್ ಅನ್ನುವ ಅಡ್ಡ ಗೆರೆ, ಕೋಲನ್, ಪೈಪ್ ಅನ್ನುವ ನಿಂತ ಗೆರೆ ಯಾವುದಾದರೂ ಆದೀತು ಅಂತ ಗೂಗಲ್ ತನ್ನ ಸೂಚನೆಗಳಲ್ಲೇ ಹೇಳುತ್ತದೆ. ನೀವು ಪೈಪ್ ಹಾಕಿದ್ದರೂ ಫಲಿತಾಂಶದಲ್ಲಿ ಅದನ್ನು ಹೈಫನ್ ಮಾಡಿ ತೋರಿಸುವುದೂ ಉಂಟು. ನಾನು ಕನ್ನಡ ಸೈಟುಗಳಿಗೆ ಅಡ್ಡ ಗೆರೆ ಹಾಕುತ್ತೇನೆ. ಸಣ್ಣ ಅಕ್ಷರದಲ್ಲಿ ನಿಂತ ಗೆರೆ ಕನ್ನಡ ಅಕ್ಷರಗಳ ಪಕ್ಕದಲ್ಲಿ ವಚನದ ಸಾಲು ಮುಗಿದ ಹಾಗೆ ಕಾಣುತ್ತದೆ. ಇದು ನನ್ನ ಕಣ್ಣಿನ ರುಚಿ ಅಷ್ಟೇ, ನಿಮ್ಮ ಮೈದುನನಿಗೆ ನಿಂತ ಗೆರೆಯೇ ಇಷ್ಟವಾದರೆ ಅದೇ ಇರಲಿ. ಗೆರೆಯ ಎರಡೂ ಕಡೆ ಒಂದೊಂದು ಖಾಲಿ ಜಾಗ ಬಿಡಿ, ಎಲ್ಲ ಪುಟಕ್ಕೂ ಒಂದೇ ಗೆರೆ ಇಡಿ. ಅಷ್ಟು ಸಾಕು.

ಆದರೆ ಒಂದೇ ಸೈಟಿನಲ್ಲಿ ಎರಡು ಬಗೆಯ ಗೆರೆ ಕಾಣುತ್ತಿದೆ ಅಂದಿರಲ್ಲ, ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಆ ಮಾತೇ. ಗೂಗಲ್‌ನಲ್ಲೂ ಬ್ರೌಸರ್ ಟ್ಯಾಬ್‌ನಲ್ಲೂ ಕಾಣುವ ಪುಟದ ಹೆಸರಿಗೆ ಟೈಟಲ್ ಅನ್ನುತ್ತಾರೆ. ಗೆರೆ ಬೇರೆ ಬೇರೆ ಇದೆ ಅಂದರೆ ಟೈಟಲ್‌ಗಳು ಎರಡು ಕಡೆಯಿಂದ ಹುಟ್ಟುತ್ತಿವೆ ಅಂತ ಅರ್ಥ. ಕೆಲವನ್ನು ಟೆಂಪ್ಲೇಟ್, ಅಂದರೆ ಎಲ್ಲ ಪುಟಕ್ಕೂ ಒಂದೇ ಅಚ್ಚಿನಲ್ಲಿ ಟೈಟಲ್ ಜೋಡಿಸುವ ಮಾದರಿ, ಮಾಡುತ್ತಿದೆ, ಕೆಲವನ್ನು ಯಾರೋ ಕೈಯಿಂದ ಟೈಪ್ ಮಾಡಿದ್ದಾರೆ. ನಿಮ್ಮ ಸೈಟ್ ತೆರೆದು ನೋಡಿದೆ. ಹಾಗೇ ಆಗಿದೆ.

ಅಲ್ಲಿ ಪುಟಗಳ ಟೈಟಲ್ ನೋಡಿಕೊಳ್ಳುವ ಯೋಸ್ಟ್ ಪ್ಲಗಿನ್ ಇದೆ. ಸೀರೆ ಪುಟಗಳಿಗೆ ಅದರಲ್ಲಿ ಇಟ್ಟಿರುವ ಟೆಂಪ್ಲೇಟ್ ಹೀಗಿದೆ ಅಂತ ಪುಟಗಳ ಟೈಟಲ್ ನೋಡಿದರೇ ಗೊತ್ತಾಗುತ್ತದೆ:

```
%%sitename%% %%sep%% %%title%%
```

ಅಂದರೆ ಮೊದಲು ಸೈಟಿನ ಹೆಸರು, ಆಮೇಲೆ ಗೆರೆ, ಕೊನೆಗೆ ಸೀರೆಯ ಹೆಸರು. ಈ ಕ್ರಮವೊಂದೇ ಆಗಿದ್ದರೆ ಇಷ್ಟು ಕೆಡುತ್ತಿರಲಿಲ್ಲ. ಸೈಟಿನ ಹೆಸರು ಅಂತ ಕೊಟ್ಟಿರುವುದು ಏನು ಅನ್ನುವುದೇ ದೊಡ್ಡ ತೊಂದರೆ. ವರ್ಡ್‌ಪ್ರೆಸ್‌ನ `Settings → General` ಒಳಗೆ `Site Title` ಅನ್ನುವ ಜಾಗದಲ್ಲಿ ಮಾಡಿಕೊಟ್ಟವರು ಬರೀ ಅಂಗಡಿ ಹೆಸರು ಬರೆಯದೆ ಇಡೀ ಜಾಹೀರಾತನ್ನೇ ತುಂಬಿದ್ದಾರೆ. ಆದ್ದರಿಂದ ನಿಮ್ಮ ನಲವತ್ತೇಳನೆಯ ಸೀರೆಯ ಟೈಟಲ್ ಹೀಗೆ ಬಂದಿದೆ:

```
ಶ್ರೀ ಕಖಗ ಸಾರೀಸ್ - Best Ilkal Saree Manufacturers, Wholesale & Retail, Ilkal, Bagalkot - ಇಳಕಲ್ ಸೀರೆ 47
```

ಸೀರೆ 48ಕ್ಕೂ ಇದೇ, ಕೊನೆಯ ಅಂಕಿ ಮಾತ್ರ ಬೇರೆ. 140 ಸೀರೆ ಡಬ್ಬಿಗಳ ಮೇಲೆ ಅಂಗಡಿ ಹೆಸರನ್ನಷ್ಟೇ ದೊಡ್ಡದಾಗಿ ಅಚ್ಚು ಹಾಕಿಸಿ, ಒಳಗೆ ಯಾವ ಸೀರೆ ಅನ್ನುವ ಚೀಟಿಯನ್ನು ಡಬ್ಬಿಯ ತಳಕ್ಕೆ ಅಂಟಿಸಿದ ಹಾಗಾಗಿದೆ. ಸೊಲ್ಲಾಪುರದ ಗಿರಾಕಿಯೊಬ್ಬರು ನಿಮ್ಮ ನಾಲ್ಕು ಸೀರೆಯನ್ನು ನಾಲ್ಕು ಟ್ಯಾಬ್‌ನಲ್ಲಿ ತೆರೆದರೆ ನಾಲ್ಕರ ಮೇಲೂ 'ಶ್ರೀ ಕಖಗ' ಅಂತಲೇ ಇರುತ್ತದೆ. ಯಾವುದು ಯಾವುದೆಂದು ಹೇಗೆ ಗೊತ್ತಾಗಬೇಕು?

ಮೂರು ಚುಕ್ಕಿ ಬರಲು ಕಾರಣವೂ ಇದೇ. ಟೈಟಲ್ ಇಷ್ಟೇ ಅಕ್ಷರ ಇರಬೇಕು ಅಂತ ಗೂಗಲ್ ಮಿತಿ ಇಟ್ಟಿಲ್ಲ. 60 ಅಕ್ಷರದ ನಿಯಮ ಅಂತ ಎಲ್ಲರೂ ಹೇಳುವುದು ಇಂಗ್ಲಿಷ್ ಟೈಟಲ್ ನೋಡಿ ಮಾಡಿಕೊಂಡ ಅಂದಾಜು. ನಿಜಕ್ಕೂ ಮಿತಿ ಇರುವುದು ಪರದೆಯ ಅಗಲಕ್ಕೆ. ಕಂಪ್ಯೂಟರಿನಲ್ಲಿ ಸುಮಾರು 600 ಪಿಕ್ಸೆಲ್ ಅಗಲ ಸಿಗುತ್ತದೆ, ಅದಕ್ಕಿಂತ ಉದ್ದವಾದರೆ ಕತ್ತರಿಸುತ್ತದೆ. ಕನ್ನಡಕ್ಕೆ ಅಕ್ಷರ ಎಣಿಸುವ ಸಾಧನಗಳನ್ನು ನಂಬಿ ಕೂರಬೇಡಿ. 'ಸ್ತ್ರೀ' ಅನ್ನುವುದು ನಮ್ಮ ಕಣ್ಣಿಗೆ ಒಂದೇ ಅಕ್ಷರ. ಕಂಪ್ಯೂಟರಿನ ಲೆಕ್ಕದಲ್ಲಿ ಅದು ಆರು. ಇನ್ನೊಂದು ಕಡೆ ನಮ್ಮ ಸಾಮಾನ್ಯ ಅಕ್ಷರಗಳು ಇಂಗ್ಲಿಷಿನ ಅಕ್ಷರಗಳಿಗಿಂತ ಅಗಲ. ಹೀಗಾಗಿ ಎಣಿಕೆ ಎರಡೂ ಕಡೆ ತಪ್ಪುತ್ತದೆ. ಮುಖ್ಯವಾದ ನಾಲ್ಕೈದು ಪದ ಮೊದಲು ಬಂದರೆ ಬಾಲ ಕತ್ತರಿಸಿದರೂ ನಷ್ಟವಿಲ್ಲ. ನಾನು ನೋಡುವುದು ಅದನ್ನೇ.

ಇನ್ನು ಗೂಗಲ್ ತನ್ನದೇ ಏನೋ ತೋರಿಸುವ ವಿಷಯ. ಅದು ಸುಮ್ನೆ ಹುಟ್ಟಿಸಿದ್ದಲ್ಲ, ನಿಮ್ಮ ಪುಟದಿಂದಲೇ ತೆಗೆದುಕೊಂಡದ್ದು. ನೀವು ಕಳಿಸಿದ ಮೂರು ಸ್ಕ್ರೀನ್‌ಶಾಟ್‌ನಲ್ಲೂ ಇರುವುದು ಪುಟದೊಳಗಿನ ದೊಡ್ಡ ಹೆಡಿಂಗ್. ನಾವು ಕೊಟ್ಟ ಟೈಟಲ್ ಸರಿ ಅನ್ನಿಸದಿದ್ದರೆ ಗೂಗಲ್ ಹೆಡಿಂಗ್ ನೋಡುತ್ತದೆ, ಪುಟದ ಇತರ ದೊಡ್ಡ ಅಕ್ಷರ ನೋಡುತ್ತದೆ, ಬೇರೆ ಪುಟಗಳು ಇದಕ್ಕೆ ಕೊಟ್ಟ ಲಿಂಕಿನ ಮಾತು ನೋಡುತ್ತದೆ. ಹಾಗಂತ ಎಲ್ಲ ಕಡೆ ಹೀಗೆ ಮಾಡುವುದಿಲ್ಲ. ಸುಮಾರು 87% ಫಲಿತಾಂಶಗಳಲ್ಲಿ ಪುಟದ ಟೈಟಲ್ಲನ್ನೇ ಬಳಸುತ್ತೇವೆ ಅಂತ 2021ರ ಸೆಪ್ಟೆಂಬರ್‌ನಲ್ಲಿ ಗೂಗಲ್ ಹೇಳಿತ್ತು. ಉಳಿದ ಪಾಲಿನಲ್ಲಿ ಸಿಕ್ಕಿಬೀಳಲು ನಿಮ್ಮಲ್ಲಿ ಎರಡು ಕಾರಣ ಇವೆ.

ಒಂದು, ಎಲ್ಲ ಪುಟಗಳಲ್ಲೂ ಅದೇ ಉದ್ದನೆಯ ಮಾತು. ಪುಟದಿಂದ ಪುಟಕ್ಕೆ ಬದಲಾಗದ ಮಾತಿಗೆ ಗೂಗಲ್ ಬೆಲೆ ಕೊಡುವುದಿಲ್ಲ.

ಇನ್ನೊಂದು ಕಾರಣ ನಮ್ಮ ಕಡೆಯ ಸೈಟುಗಳಲ್ಲಿ ತುಂಬಾ ಕಾಣುತ್ತದೆ, ಆದರೆ ಯಾರೂ ಮಾತಾಡುವುದಿಲ್ಲ. ನಿಮ್ಮ ಸೀರೆಗಳ ವಿವರ ಪೂರ್ತಿ ಕನ್ನಡದಲ್ಲಿದೆ, ಚೆನ್ನಾಗಿಯೂ ಇದೆ. ಟೈಟಲ್‌ನ ಮುಕ್ಕಾಲು ಭಾಗ ಇಂಗ್ಲಿಷ್. ಪುಟ ಒಂದು ಲಿಪಿಯಲ್ಲಿ ಇದ್ದು ಟೈಟಲ್ ಇನ್ನೊಂದರಲ್ಲಿ ಇದ್ದರೆ, ಪುಟದ ಭಾಷೆಗೆ ಹೊಂದುವ ಟೈಟಲ್ ಹುಡುಕಿ ಹಾಕುತ್ತೇವೆ ಅಂತ 2022ರ ಜೂನ್‌ನಲ್ಲಿ ಗೂಗಲ್ ತಿಳಿಸಿತು. ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದ ಟೈಟಲ್‌ಗಳಿಗೂ ಇದೇ ಕಥೆ. ನಿಮ್ಮ ಹೋಮ್ ಪೇಜಿನಲ್ಲಿ ಯಾರೋ ಇಳಕಲ್, ಇಲಕಲ್, `Ilkal`, `Ilakal` ಅಂತ ನಾಲ್ಕೂ ರೂಪ ಸಾಲಾಗಿ ತುರುಕಿದ್ದಾರಲ್ಲ, ಅದು ಗಿರಾಕಿಗೂ ಬೇಡ, ಗೂಗಲ್‌ಗೂ ಬೇಡ. ಪುಟ ಕನ್ನಡದ್ದಾದರೆ ಟೈಟಲ್ ಕನ್ನಡ. ಪುಣೆ, ಮುಂಬೈಯವರು ಇಂಗ್ಲಿಷಿನಲ್ಲೇ ಹುಡುಕುತ್ತಾರೆ ಅನ್ನುವುದು ನಿಜ. ಅವರಿಗಾಗಿ ಹೆಚ್ಚು ಓಡುವ ಸೀರೆಗಳಿಗೆ ಇಂಗ್ಲಿಷ್ ವಿವರದ ಬೇರೆ ಪುಟ ಮಾಡಿ, ಅದಕ್ಕೆ ಇಂಗ್ಲಿಷ್ ಟೈಟಲ್ ಕೊಡಿ. ಸೈಟನ್ನು ಹಲವು ಭಾಷೆಗಳಲ್ಲಿ ನಡೆಸುವ ಪಾಲಿಲ್ಯಾಂಗ್ ಪ್ಲಗಿನ್‌ನಲ್ಲಿ ಸೈಟಿನ ಹೆಸರನ್ನೂ ಭಾಷೆಗೆ ತಕ್ಕಂತೆ ಬರೆಯಬಹುದು. ಒಂದೇ ಟೈಟಲ್‌ನಲ್ಲಿ ಇಬ್ಬರನ್ನೂ ಹಿಡಿಯಲು ಹೋದರೆ ಇಬ್ಬರೂ ಸಿಗುವುದಿಲ್ಲ.

ಈಗ ಅಂಗಡಿ ಹೆಸರು ಎಲ್ಲಿ ಇರಬೇಕು ಅನ್ನುವುದಕ್ಕೆ ಬರೋಣ. ಗಿರಾಕಿ ಏನು ಹುಡುಕಿಕೊಂಡು ಆ ಪುಟಕ್ಕೆ ಬರುತ್ತಾರೋ ಅದು ಮುಂದೆ ಬರಬೇಕು. ನಿಮ್ಮ ಹೆಸರು ಗೊತ್ತಿದ್ದವರು ಬರುವುದು ಹೋಮ್ ಪೇಜಿಗೆ, 'ನಮ್ಮ ಬಗ್ಗೆ' ಮತ್ತು 'ಸಂಪರ್ಕ' ಪುಟಕ್ಕೆ. ಅಲ್ಲಿ ಹೆಸರು ಮೊದಲು ಇರಲಿ. ಹೆಸರು ಗೊತ್ತಿಲ್ಲದವರು ಬರುವುದು ಸೀರೆಯ ಪುಟಕ್ಕೆ, ವಿಭಾಗದ ಪುಟಕ್ಕೆ. ಅಲ್ಲಿ ಸೀರೆ ಮೊದಲು, ಅಂಗಡಿ ಕೊನೆಗೆ.

ಸೀರೆ ಪುಟದಿಂದ ಅಂಗಡಿ ಹೆಸರನ್ನು ಪೂರ್ತಿ ತೆಗೆದರೆ ಹೇಗೆ ಅಂತ ಕೆಲವರು ಕೇಳುತ್ತಾರೆ. ಗೂಗಲ್ ಮಟ್ಟಿಗೆ ನಡೆಯುತ್ತದೆ. 2022ರ ಅಕ್ಟೋಬರ್‌ನಿಂದ ಮೊಬೈಲ್ ಫಲಿತಾಂಶಗಳಲ್ಲಿ ಟೈಟಲ್‌ನ ಮೇಲೆ, ಸಣ್ಣ ಐಕಾನ್ ಪಕ್ಕ, ಸೈಟಿನ ಹೆಸರು ಬೇರೆಯಾಗಿಯೇ ಬರುತ್ತಿದೆ. ಆಮೇಲೆ ಕಂಪ್ಯೂಟರಿಗೂ ಬಂತು. ಅದಕ್ಕೇ ಬಾಲದಲ್ಲಿರುವ ಹೆಸರು ಕತ್ತರಿಸಿ ಹೋದರೂ ಚಿಂತೆ ಬೇಡ ಅನ್ನುವುದು. ಆದರೂ ನಾನು ತೆಗೆಸುವುದಿಲ್ಲ. ಬ್ರೌಸರ್‌ನ ಹಿಸ್ಟರಿಯಲ್ಲಿ, ಬುಕ್‌ಮಾರ್ಕ್‌ನಲ್ಲಿ ಪುಟದ ಹೆಸರಾಗಿ ಉಳಿಯುವುದು ಟೈಟಲ್. ಇನ್ನು ವಾಟ್ಸ್ಯಾಪ್. ನಿಮ್ಮ ವ್ಯಾಪಾರದ ಅರ್ಧ ಮಾತುಕತೆ ಅಲ್ಲೇ ನಡೆಯುತ್ತದೆ ಅಲ್ವಾ? ಲಿಂಕ್ ಕಳಿಸಿದಾಗ ಫೋಟೋ ಜೊತೆ ಕಾಣುವುದು ಪುಟದ ಕೋಡಿನಲ್ಲಿ `og:title` ಅಂತ ಬೇರೆಯಾಗಿ ಇರುವ ಹೆಸರು. ಅದಕ್ಕೆ ನೀವು ಬೇರೆ ಟೈಟಲ್ ಕೊಡದಿದ್ದರೆ ಯೋಸ್ಟ್ ಪುಟದ ಟೈಟಲ್ಲನ್ನೇ ಹಾಕುತ್ತದೆ. ಅಲ್ಲಿ ಅಂಗಡಿ ಹೆಸರು ಇದ್ದರೆ ಒಳ್ಳೆಯದೇ.

ಮಾಡಬೇಕಾದ ಕೆಲಸ ಹೀಗೆ. ಮೊದಲು `Site Title` ಜಾಗದಲ್ಲಿ 'ಕಖಗ ಸಾರೀಸ್' ಅಂತಷ್ಟೇ ಬರೆಯಿರಿ. ಬೋರ್ಡಿನ ಮೇಲೆ 'ಶ್ರೀ' ಇರಲಿ, ಇಲ್ಲಿ ಬೇಡ. ಒಂದು ಎಚ್ಚರಿಕೆ: ವೂಕಾಮರ್ಸ್ ಕಳಿಸುವ ಆರ್ಡರ್ ಮೇಲ್‌ಗಳಲ್ಲೂ ಇದೇ ಹೆಸರು ಬರುತ್ತದೆ. ಬದಲಾದ ಮೇಲೆ ಮೇಲ್ ಕೂಡ ಚಂದ ಕಾಣುತ್ತದೆ, ಆದರೆ ಹಳೆಯ ಹೆಸರು ನೋಡಿ ಮೇಲ್ ವಿಂಗಡಿಸುವ ಫಿಲ್ಟರ್ ಯಾರಾದರೂ ಇಟ್ಟುಕೊಂಡಿದ್ದರೆ ಅವರಿಗೆ ಹೇಳಿ. ಯೋಸ್ಟ್‌ನ `Site basics` ಒಳಗೆ `Website name` ಅಂತ ಇನ್ನೊಂದು ಜಾಗ ಇದೆ. ಅಲ್ಲೂ ಇದೇ ಹೆಸರು, ಇದೇ ಕಾಗುಣಿತ. ಗೂಗಲ್ ಟೈಟಲ್‌ನ ಮೇಲೆ ತೋರಿಸುವ ಸೈಟಿನ ಹೆಸರಿಗೆ ಬೇಕಾದ ಕೋಡನ್ನು ಯೋಸ್ಟ್ ಅದರಿಂದ ಹೋಮ್ ಪೇಜಿನಲ್ಲಿ ತಾನೇ ಬರೆಯುತ್ತದೆ. ಗೆರೆ ಆರಿಸುವ ಜಾಗವೂ ಅದೇ ಪುಟದಲ್ಲಿದೆ.

ಆಮೇಲೆ ಸೀರೆ ಪುಟದ ಟೆಂಪ್ಲೇಟ್ ತಿರುಗಿಸಿ:

```
%%title%% %%sep%% %%sitename%%
```

ವಿಭಾಗದ ಪುಟಗಳಿಗೆ ಹೀಗೆ:

```
%%term_title%% %%page%% %%sep%% %%sitename%%
```

ವಿಭಾಗದ ಟೆಂಪ್ಲೇಟ್‌ನಲ್ಲಿ ಯೋಸ್ಟ್ ತಾನಾಗಿ `Archives` ಅಂತ ಒಂದು ಪದ ಸೇರಿಸಿರುತ್ತದೆ. ಅದನ್ನು ಅಳಿಸಿ. 'ರೇಷ್ಮೆ ಸೀರೆ Archives' ಅಂತ ಇರುವುದನ್ನು ನೋಡಿ ಯಾರೂ ಸೀರೆ ಕೊಳ್ಳುವುದಿಲ್ಲ. `%%page%%` ಮಾತ್ರ ಬಿಡಬೇಡಿ. ವಿಭಾಗದ ಎರಡನೆಯ, ಮೂರನೆಯ ಪುಟಕ್ಕೆ ಅಂಕಿ ಹಾಕಿ ಟೈಟಲ್ ಬೇರೆ ಮಾಡುವುದು ಅದೇ. ಹೋಮ್ ಪೇಜಿಗೆ ಟೆಂಪ್ಲೇಟ್ ಬೇಡ, ಕೈಯಿಂದ ಬರೆಯಿರಿ: 'ಕಖಗ ಸಾರೀಸ್ – ಇಳಕಲ್ ಸೀರೆ ಅಂಗಡಿ, ಇಳಕಲ್'.

ಇಷ್ಟು ಮಾಡಿ ಸೇವ್ ಮಾಡಿದ ಮೇಲೆ ಕೆಲವು ಪುಟ ಬದಲಾಗುತ್ತವೆ, ಕೆಲವು ಜಪ್ಪಯ್ಯ ಅಂದರೂ ಬದಲಾಗುವುದಿಲ್ಲ. ಗಾಬರಿ ಬೇಡ. ಒಂದು ಪುಟಕ್ಕೆ ಕೈಯಿಂದ ಟೈಟಲ್ ಬರೆದಿದ್ದರೆ ಟೆಂಪ್ಲೇಟ್ ಅದನ್ನು ಮುಟ್ಟುವುದಿಲ್ಲ. ನಿಂತ ಗೆರೆ ಇದ್ದ ಪುಟಗಳು ಇವೇ. ಹೆಸರು ಎರಡು ಸಲ ಬಂದದ್ದೂ ಹೀಗೇ: ಬರೆದವರು ಕೊನೆಗೆ '| ಕಖಗ ಸಾರೀಸ್' ಅಂತ ಟೈಪ್ ಮಾಡಿದ್ದಾರೆ, ಮುಂದೆ `%%sitename%%` ಕೂಡ ಹಾಗೇ ಉಳಿದಿದೆ. ಯೋಸ್ಟ್‌ನ `Tools` ಒಳಗೆ `Bulk editor` ಇದೆ. ಅಲ್ಲಿ ಎಲ್ಲ ಪುಟಗಳ ಎಸ್‌ಇಒ ಟೈಟಲ್ ಒಂದೇ ಪಟ್ಟಿಯಲ್ಲಿ ಕಾಣುತ್ತದೆ. ಕೈಬರಹದ್ದನ್ನು ಅಳಿಸಿ ಖಾಲಿ ಬಿಟ್ಟರೆ ಆ ಪುಟ ಟೆಂಪ್ಲೇಟಿಗೆ ಮರಳುತ್ತದೆ. ಅಳಿಸುವ ಮೊದಲು ಒಮ್ಮೆ ಓದಿ ನೋಡಿ, ಕೆಲವನ್ನು ಚೆನ್ನಾಗಿಯೇ ಬರೆದಿರಬಹುದು. ಎರಡು ಪುಟದಲ್ಲಿ `&amp;` ಅಂತ ಅಕ್ಷರಶಃ ಕಾಣುತ್ತಿತ್ತು. ಅದು ಯಾರೋ ಬೇರೆ ಕಡೆಯ ಕೋಡಿನಿಂದ ನಕಲು ಮಾಡಿ ಅಂಟಿಸಿದ್ದು. ಬರೀ `&` ಹಾಕಿ, ಅಥವಾ 'ಮತ್ತು' ಅನ್ನಿ.

ಬದಲಾಯಿತೋ ಇಲ್ಲವೋ ಅಂತ ಗೂಗಲ್‌ನಲ್ಲಿ ನೋಡಬೇಡಿ, ಅದು ತಡ. ಮೊದಲು ಪುಟಗಳ ಹಳೆಯ ಪ್ರತಿ ಇಟ್ಟುಕೊಂಡು ತೋರಿಸುವ ಕ್ಯಾಶ್ ಪ್ಲಗಿನ್ ಇದ್ದರೆ ಖಾಲಿ ಮಾಡಿ. ಕಂಪ್ಯೂಟರಿನಲ್ಲಿ ಪುಟ ತೆರೆದು `Ctrl+U` ಒತ್ತಿ, `<title` ಅಂತ ಹುಡುಕಿ. ಪುಟದ ಮೇಲ್ಭಾಗದ `<head>` ಒಳಗೆ ಅದು ಒಂದೇ ಸಲ ಇರಬೇಕು. ಅಲ್ಲಿ ಎರಡು ಸಿಕ್ಕರೆ ಥೀಮ್‌ನ `header.php` ಕಡತದಲ್ಲಿ ಹಳೆಯ ಕಾಲದ ಟೈಟಲ್ ಸಾಲು ಉಳಿದಿದೆ ಅಂತ ಅರ್ಥ, ಮಾಡಿಕೊಟ್ಟವರಿಂದ ತೆಗೆಸಿ. ಕೆಳಗೆ ಫೇಸ್‌ಬುಕ್, ವಾಟ್ಸ್ಯಾಪ್ ಐಕಾನ್‌ಗಳ ಕೋಡಿನಲ್ಲಿ `<svg>` ಒಳಗೂ `<title>` ಇರುವುದುಂಟು. ಅದು ಐಕಾನಿನ ಹೆಸರು, ಲೆಕ್ಕಕ್ಕಿಲ್ಲ.

ಇಲ್ಲಿಯವರೆಗಿನ ಕೆಲಸ ಅರ್ಧ ದಿನದ್ದು. ಆದರೆ ಇದೆಲ್ಲ ಆದ ಮೇಲೆ ನಿಮ್ಮ ಟೈಟಲ್ 'ಇಳಕಲ್ ಸೀರೆ 47 – ಕಖಗ ಸಾರೀಸ್' ಅಂತ ಬರುತ್ತದೆ. ಮೊದಲಿಗಿಂತ ವಾಸಿ, ಆದರೂ ಕೆಲಸಕ್ಕೆ ಬಾರದು. ಟೆಂಪ್ಲೇಟ್ ನೀವು ಕೊಟ್ಟ ಹೆಸರನ್ನು ಜೋಡಿಸುತ್ತದೆ ಅಷ್ಟೇ. 47 ಅಂದರೆ ಏನು ಅಂತ ನಿಮ್ಮ ರ‍್ಯಾಕ್‌ಗೆ ಗೊತ್ತು, ಗಿರಾಕಿಗೆ ಗೊತ್ತಿಲ್ಲ. ಆ ಪುಟದ ವಿವರದಲ್ಲಿ ನೀವೇ ಬರೆದಿದ್ದೀರಿ: ಟೋಪ್ ತೆನಿ ಸೆರಗು, ಚಿಕ್ಕಿ ಪರಾಸ್ ದಡಿ, ಹತ್ತಿ ಒಡಲು, ರೇಷ್ಮೆ ಸೆರಗು, ದಾಳಿಂಬೆ ಕೆಂಪು. ಸೀರೆ ಬಲ್ಲ ಹೆಂಗಸರು ಹುಡುಕುವುದು ಇವೇ ಮಾತುಗಳನ್ನು. ಎಲ್ಲವನ್ನೂ ತುಂಬಬೇಡಿ, ಆ ಸೀರೆಯನ್ನು ಪಕ್ಕದ ಸೀರೆಯಿಂದ ಬೇರೆ ಮಾಡುವ ಎರಡು ಮೂರನ್ನು ಆರಿಸಿ:

```
ಚಿಕ್ಕಿ ಪರಾಸ್ ದಡಿ ಇಳಕಲ್ ಸೀರೆ, ದಾಳಿಂಬೆ ಕೆಂಪು – ಕಖಗ ಸಾರೀಸ್
```

ಟೋಪ್ ತೆನಿ ಸೆರಗನ್ನು ಬಿಟ್ಟದ್ದು ಏಕೆಂದರೆ ನಿಮ್ಮ ಬಹುಪಾಲು ಸೀರೆಗಳಲ್ಲಿ ಅದೇ ಇದೆ. ಅದಕ್ಕೆ ವಿಭಾಗದ ಪುಟ ಮಾಡಿ, ಅಲ್ಲಿ ಹೇಳಿ. 47 ಅನ್ನುವುದನ್ನು ವೂಕಾಮರ್ಸ್‌ನ `SKU` ಅನ್ನುವ, ಸರಕಿನ ಗುರುತು ಬರೆಯುವ ಜಾಗಕ್ಕೆ ಹಾಕಿ, ನಿಮ್ಮ ಲೆಕ್ಕಕ್ಕೆ ಇರುತ್ತದೆ. ಸೀರೆಯ ಹೆಸರು ಬದಲಿಸಿದಾಗ ಪುಟದ ಹೆಡಿಂಗ್ ಕೂಡ ತಾನೇ ಬದಲಾಗುತ್ತದೆ. ಟೈಟಲ್ ಮತ್ತು ಹೆಡಿಂಗ್ ಒಂದೇ ಮಾತು ಹೇಳಿದರೆ ಗೂಗಲ್ ಬೇರೆ ಮಾತು ಹುಡುಕುವ ಸಂದರ್ಭವೂ ಕಡಿಮೆ.

ಮಾಡಿಕೊಟ್ಟವರ ಭಯದಲ್ಲಿ ಅರ್ಧ ನಿಜ ಇದೆ. ಎಲ್ಲ ಟೈಟಲ್ ಒಟ್ಟಿಗೆ ಬದಲಾದರೆ ಗೂಗಲ್ ಒಂದೊಂದೇ ಪುಟಕ್ಕೆ ಮತ್ತೆ ಬಂದು ಓದಬೇಕು. ನಿಮ್ಮಂಥ ಸಣ್ಣ ಸೈಟಿಗೆ ಕೆಲವು ಪುಟ ಕೆಲವೇ ದಿನದಲ್ಲಿ, ಉಳಿದವು ಕೆಲವು ವಾರದಲ್ಲಿ ಆಗುತ್ತವೆ. ಆ ನಡುವೆ ಸ್ಥಾನ ಸ್ವಲ್ಪ ಹಿಂದೆ ಮುಂದೆ ಆಗಬಹುದು. ಕ್ರಮ ತಿರುಗಿಸಿದ್ದಕ್ಕೆ, ಗೆರೆ ಬದಲಿಸಿದ್ದಕ್ಕೆ ಜಾಗ ಹೋಗುವುದಿಲ್ಲ. ನಿಜವಾಗಿ ಜಾಗ ಹೋಗುವುದು ಪುಟದ ವಿಳಾಸ ಬದಲಿಸಿದಾಗ. ಹೆಸರು ತಿದ್ದುವ ಭರದಲ್ಲಿ ವಿಳಾಸದ ಕೊನೆಯ ತುಂಡನ್ನೂ 'ಚಂದ' ಮಾಡಲು ಹೋಗಬೇಡಿ. ಪ್ರಕಟವಾದ ಪುಟದ ಹೆಸರು ಬದಲಿಸಿದರೂ ವರ್ಡ್‌ಪ್ರೆಸ್ ವಿಳಾಸವನ್ನು ತಾನಾಗಿ ಬದಲಿಸುವುದಿಲ್ಲ. ನೀವೂ ಮುಟ್ಟಬೇಡಿ.

ಧೈರ್ಯ ಸಾಲದಿದ್ದರೆ ಮೊದಲು ವಿಭಾಗದ ಟೆಂಪ್ಲೇಟ್ ಮಾತ್ರ ತಿರುಗಿಸಿ ನೋಡಿ. ಗೂಗಲ್ ಹುಡುಕಾಟದಲ್ಲಿ ನಿಮ್ಮ ಸೈಟ್ ಹೇಗೆ ಕಾಣುತ್ತಿದೆ ಅಂತ ತೋರಿಸುವ ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ ಆ ಪುಟಗಳ ವಿಳಾಸ ಹಾಕಿ, ಮತ್ತೆ ಓದಲು ಕೇಳುವ `Request indexing` ಕೊಡಿ. ಮೂರು ವಾರ ಬಿಟ್ಟು ಅಲ್ಲೇ `Performance` ಒಳಗೆ ಆ ಪುಟಗಳನ್ನಷ್ಟೇ ಆರಿಸಿ, ಮೊದಲಿನ ಮೂರು ವಾರದ ಜೊತೆ ಹೋಲಿಸಿ. ನೋಡಬೇಕಾದ್ದು ಎಷ್ಟು ಜನರಿಗೆ ಕಂಡಿತು, ಅವರಲ್ಲಿ ಎಷ್ಟು ಜನ ಒತ್ತಿದರು ಅನ್ನುವುದು. ಶ್ರಾವಣ, ದೀಪಾವಳಿ, ಮದುವೆ ಸೀಸನ್ ನಡುವೆ ಹೋಲಿಸಿದರೆ ಲೆಕ್ಕ ಸುಳ್ಳಾಗುತ್ತದೆ, ಅದನ್ನು ನಿಮಗೆ ನಾನು ಹೇಳಬೇಕಿಲ್ಲ.

140 ಹೆಸರು ಒಂದೇ ಸಲ ತಿದ್ದಲು ಕೂರಬೇಡಿ. ಅದೇ `Performance` ಪಟ್ಟಿಯಲ್ಲಿ ಹೆಚ್ಚು ಜನರಿಗೆ ಕಂಡು ಕಡಿಮೆ ಜನ ಒತ್ತಿದ ಇಪ್ಪತ್ತು ಸೀರೆ ಹುಡುಕಿ, ಅವುಗಳಿಂದ ಶುರು ಮಾಡಿ. ಹೆಸರು ಬರೆಯುವ ಕೆಲಸವನ್ನು ವೆಬ್‌ಸೈಟ್ ಮಾಡಿದವರಿಗೆ ಕೊಡಬೇಡಿ. ದಡಿ ನೋಡಿ ಗೋಮಿಯೋ ಚಿಕ್ಕಿ ಪರಾಸೋ ಅಂತ ಹೇಳಬಲ್ಲವರು ನಿಮ್ಮ ಅಂಗಡಿಯ ಗಾದಿಯ ಮೇಲೇ ಕೂತಿರುತ್ತಾರೆ. ಮಾವನವರು ಹೇಳಲಿ, ಮೈದುನ ಟೈಪ್ ಮಾಡಲಿ.